ನಡುವಿನ ಕೀಲನ್ನು ನಿರ್ಧರಿಸುವವರು ಯಾರು?

ಕಂಪ್ಯೂಟರ್ ಆಟದ ಪಾತ್ರವೊಂದು ಬಾಗಿಲಿನ ಚಿಲಕಕ್ಕೆ ಕೈ ಹಾಕುತ್ತದೆ. ಭುಜ ಎಲ್ಲಿದೆ ಎಂಬುದು ಗೊತ್ತು. ಚಿಲಕ ಎಲ್ಲಿದೆ ಎಂಬುದೂ ಗೊತ್ತು. ಇವೆರಡರ ನಡುವೆ ಮೊಣಕೈ ಎಲ್ಲಿರಬೇಕು, ಎಷ್ಟು ಮಡಚಿಕೊಂಡಿರಬೇಕು? ಅನಿಮೇಷನ್ ಮಾಡಿದವರು ಇದನ್ನು ಮೊದಲೇ ಕೂತು ತಿದ್ದಿಡಲು ಬರುವುದಿಲ್ಲ. ಆಟಗಾರ ಬಾಗಿಲ ಮುಂದೆ ಯಾವ ಜಾಗದಲ್ಲಿ, ಯಾವ ಕೋನದಲ್ಲಿ ಬಂದು ನಿಲ್ಲುತ್ತಾನೆಂದು ಯಾರಿಗೂ ತಿಳಿಯದು. ಹಾಗಾಗಿ ಪ್ರಶ್ನೆಯನ್ನು ಆಟವೇ ಆಡುತ್ತಾ ಆಡುತ್ತಾ, ಸೆಕೆಂಡಿಗೆ 60 ಬಾರಿ, ಬಿಡಿಸಿಕೊಳ್ಳಬೇಕು. ತುದಿ ಎಲ್ಲಿರಬೇಕೆಂಬುದರಿಂದ ಹಿಂದಕ್ಕೆ ಬಂದು ಕೀಲುಗಳ ಕೋನಗಳನ್ನು ಕಂಡುಹಿಡಿಯುವ ಈ ಲೆಕ್ಕಕ್ಕೆ ಇನ್ವರ್ಸ್ ಕೈನೆಮ್ಯಾಟಿಕ್ಸ್ ಎನ್ನುತ್ತಾರೆ. ಕೆಲಸದವರ ಬಾಯಲ್ಲಿ ಅದು ಬರೀ ಐಕೆ.

ತೊಗಲುಗೊಂಬೆ ಆಡಿಸುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. ಕಲಾವಿದ ಗೊಂಬೆಯ ಅಂಗೈಗೆ ಕಟ್ಟಿದ ಕಡ್ಡಿಯನ್ನಷ್ಟೇ ಆಡಿಸುತ್ತಾನೆ, ಮೊಣಕೈ ತನ್ನ ಪಾಡಿಗೆ ತಾನು ಜಾಗ ಹುಡುಕಿಕೊಳ್ಳುತ್ತದೆ. ಆದರೆ ಪರದೆಯ ಹಿಂದಿನ ಮೊಣಕೈ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಮಗುಚಿದರೆ ನಾವು ಅದನ್ನು ಆಟದ ಸೊಗಸೆಂದೇ ತಿಳಿಯುತ್ತೇವೆ. ಮೂರು ಆಯಾಮದ ಮನುಷ್ಯನಂಥ ಪಾತ್ರದಲ್ಲಿ ಅದೇ ಆದರೆ ಕೈ ಮುರಿದಂತೆ ಕಾಣುತ್ತದೆ.

ಈ ಲೆಕ್ಕ ಬಿಡಿಸಲು ಆಟ ಮತ್ತು ಅನಿಮೇಷನ್ ಕೆಲಸದಲ್ಲಿ ತೀರ ಹೆಚ್ಚು ಕೈಗೆ ಸಿಗುವ ಸಲಕರಣೆಗಳು ಎರಡು. ಒಂದು, ಎರಡೇ ಮೂಳೆಗಳಿಗೆಂದು ಇರುವ ನೇರ ಸೂತ್ರ. ಇನ್ನೊಂದು, ಎಷ್ಟು ಮೂಳೆಗಳಿದ್ದರೂ ನಡೆಯುವ ಫ್ಯಾಬ್ರಿಕ್. ಯಾವುದನ್ನು ಎಲ್ಲಿ ಬಳಸಬೇಕೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಎರಡು ಮೂಳೆಯಾದರೆ ಮೊದಲನೆಯದು, ಜಾಸ್ತಿಯಾದರೆ ಎರಡನೆಯದು.’ ಉತ್ತರ ತಪ್ಪಲ್ಲ, ಆದರೆ ಅರ್ಧ. ಮೂಳೆಗಳನ್ನು ಎಣಿಸುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ತುದಿ ಗುರಿ ಮುಟ್ಟಿತು, ಸರಿ, ನಡುವಿನ ಭಾಗದ ಆಕಾರವನ್ನು ನಿರ್ಧರಿಸುವವರು ಯಾರು?

ಎರಡು ಮೂಳೆಯ ಸೂತ್ರದಿಂದ ಶುರುಮಾಡೋಣ. ಭುಜ, ಮೊಣಕೈ, ಮಣಿಕಟ್ಟು: ಈ ಮೂರು ಬಿಂದು ಸೇರಿದರೆ ಒಂದು ತ್ರಿಭುಜ. ತೋಳಿನ ಮೇಲ್ಭಾಗದ ಉದ್ದ a, ಮುಂದೋಳಿನ ಉದ್ದ b, ಎರಡೂ ಬದಲಾಗುವುದಿಲ್ಲ. ಭುಜದಿಂದ ಗುರಿಗೆ ಇರುವ ದೂರ d. ಮೂರು ಬಾಹುಗಳೂ ಗೊತ್ತಿರುವ ತ್ರಿಭುಜದ ಕೋನ ಕಂಡುಹಿಡಿಯುವುದು ಪಿಯುಸಿಯಲ್ಲಿ ಓದಿದ ಕೊಸೈನ್ ನಿಯಮ. ಮೊಣಕೈ ಕೋನ E ಆದರೆ,

```
cos(E) = (a*a + b*b - d*d) / (2*a*b)
```

ಇಷ್ಟೇ. ಊಹೆಯಿಲ್ಲ, ಸುತ್ತುಗಳಿಲ್ಲ, ಒಂದೇ ಏಟಿಗೆ ಉತ್ತರ. ಇದನ್ನು ಮನುಷ್ಯನ ಕೈಗಿಂತ ಚೆನ್ನಾಗಿ ತೋರಿಸುವುದು ರಸ್ತೆ ಬದಿಯಲ್ಲಿ ಗುಂಡಿ ತೋಡುವ ಜೆಸಿಬಿ. ಅದರ ಹಿಂದಿನ ತೋಳಿನಲ್ಲಿ ಬೂಮ್ ಒಂದು ಮೂಳೆ, ಅದರ ತುದಿಯ ಡಿಪ್ಪರ್ ಇನ್ನೊಂದು, ಕೊನೆಗೆ ಬಕೆಟ್. ಬಕೆಟ್ ಮೂರನೆಯ ಮೂಳೆಯಲ್ಲವೇ ಎಂದರೆ ಹೌದು, ಆದರೆ ಅದು ಯಾವ ಕೋನದಲ್ಲಿ ಮಣ್ಣಿಗೆ ಇಳಿಯಬೇಕೆಂಬುದನ್ನು ಚಾಲಕನೇ ನಿರ್ಧರಿಸುತ್ತಾನೆ. ಆ ಕೋನ ಗೊತ್ತಾದ ಮೇಲೆ ಬಕೆಟ್‌ನ ಹಲ್ಲಿನಿಂದ ಹಿಂದಕ್ಕೆ ಬಂದು ಅದರ ಪಿನ್ ಎಲ್ಲಿರಬೇಕೆಂದು ಕಂಡುಕೊಳ್ಳಬಹುದು. ಆ ಪಿನ್ನೇ ಎರಡು ಮೂಳೆಯ ಲೆಕ್ಕದ ಗುರಿ. ಬೂಮ್ 3 ಮೀಟರ್, ಡಿಪ್ಪರ್ 2 ಮೀಟರ್, ಪಿನ್ ಇರುವ ದೂರ 4 ಮೀಟರ್ ಎಂದಿಟ್ಟುಕೊಂಡರೆ, 9 ಮತ್ತು 4 ಕೂಡಿಸಿ 16 ಕಳೆದು 12ರಿಂದ ಭಾಗಿಸಿ: ಕೊಸೈನ್ ಬೆಲೆ -0.25, ಅಂದರೆ ಕೀಲಿನ ಕೋನ ಸುಮಾರು 104.5 ಡಿಗ್ರಿ. ಪಿನ್ 5 ಮೀಟರ್‌ಗಿಂತ ದೂರವಿದ್ದರೂ ಮುಟ್ಟದು, 1 ಮೀಟರ್‌ಗಿಂತ ಹತ್ತಿರವಿದ್ದರೂ ಮುಟ್ಟದು. ಲೆಕ್ಕ ಶುರುವಾಗುವ ಮೊದಲೇ ಇದು ಗೊತ್ತಾಗಿಬಿಡುತ್ತದೆ.

ಜೆಸಿಬಿಯಲ್ಲಿ ಇನ್ನೊಂದು ಅನುಕೂಲವಿದೆ. ಕೋನದ ಅಳತೆ ಗೊತ್ತಾದರೂ ಕೀಲು ಮೇಲಕ್ಕೆ ಮಡಚಬೇಕೋ ಕೆಳಕ್ಕೋ ಎಂಬ ಪ್ರಶ್ನೆ ಉಳಿಯುತ್ತದಲ್ಲ, ಅಲ್ಲಿ ಹೈಡ್ರಾಲಿಕ್ ಸಿಲಿಂಡರ್‌ಗಳೇ ಅದಕ್ಕೆ ಉತ್ತರ ಹೇಳಿಬಿಟ್ಟಿವೆ. ಮನುಷ್ಯನ ತೋಳಿನಲ್ಲಿ ಹಾಗಲ್ಲ. ಕೈಯನ್ನು ಮೇಜಿನ ಮೇಲೆ ಊರಿ ಮೊಣಕೈಯನ್ನು ಅತ್ತಿತ್ತ ಆಡಿಸಿ ನೋಡಿ: ಭುಜವೂ ಅಂಗೈಯೂ ಅಲುಗದೆ ಮೊಣಕೈ ಒಂದು ವೃತ್ತದ ಮೇಲೆ ಓಡಾಡುತ್ತದೆ. ಆ ವೃತ್ತದ ಮೇಲಿನ ಯಾವ ಬಿಂದುವೂ ಲೆಕ್ಕದ ಪ್ರಕಾರ ಸರಿ. ಅವುಗಳಲ್ಲಿ ಒಂದನ್ನು ಆರಿಸಲು ಪೋಲ್ ಎಂಬ ಇನ್ನೊಂದು ಬಿಂದುವನ್ನು ಕೊಡುತ್ತಾರೆ. ಮೊಣಕೈ ಅದರ ಕಡೆಗೆ ಮುಖ ಮಾಡುತ್ತದೆ. ಈ ಪೋಲ್ ಬಿಂದುವನ್ನು ಇಡುವವರು ಅನಿಮೇಟರ್. ಅಂದರೆ ಎರಡು ಮೂಳೆಯ ಪದ್ಧತಿಯಲ್ಲಿ ನಡುವಿನ ಆಕಾರ ಮನುಷ್ಯರೊಬ್ಬರ ತೀರ್ಮಾನ. ನಿನ್ನೆ ಕೊಟ್ಟ ಉತ್ತರವನ್ನೇ ಇವತ್ತೂ ಕೊಡುತ್ತದೆ. ಗುರಿ ಎಲ್ಲಿಂದ ಬಂತೆಂಬುದು ಅದಕ್ಕೆ ಬೇಕಿಲ್ಲ.

ಇದಕ್ಕೂ ಕಾಯಿಲೆಗಳಿವೆ, ಮುಖ್ಯವಾಗಿ ಎರಡು. ಮೊದಲನೆಯದು ಕೈ ಅಥವಾ ಕಾಲು ಪೂರ್ತಿ ಚಾಚುವ ಹೊತ್ತಿಗೆ ಬರುತ್ತದೆ. ಎರಡೂ ಮೂಳೆ 30 ಸೆಂಟಿಮೀಟರ್ ಇರಲಿ. ಗುರಿ 40 ಸೆಂಟಿಮೀಟರ್ ದೂರದಲ್ಲಿದ್ದಾಗ ಅದನ್ನು ಒಂದು ಮಿಲಿಮೀಟರ್ ಸರಿಸಿದರೆ ಮೊಣಕೈ ಕಾಲು ಡಿಗ್ರಿಯಷ್ಟು ಬದಲಾಗುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಒಂದು ಮಿಲಿಮೀಟರ್ 60ರಿಂದ 59.9ಕ್ಕೆ ಆದರೆ? ನೆಟ್ಟಗೆ 180 ಡಿಗ್ರಿ ಇದ್ದ ಕೀಲು ಒಮ್ಮೆಗೇ 173.4ಕ್ಕೆ ಬರುತ್ತದೆ. ಆರೂವರೆ ಡಿಗ್ರಿ! ನಡೆಯುವ ಪಾತ್ರದ ಮೊಣಕಾಲು ಹಿಂಗಾಲು ಎತ್ತುವ ಕ್ಷಣದಲ್ಲಿ ಟಕ್ ಎಂದು ಜಿಗಿಯುವುದನ್ನು ಎಷ್ಟೋ ಆಟಗಳಲ್ಲಿ ಕಾಣಬಹುದು, ಕಾರಣ ಇದೇ. ಗುರಿಯನ್ನು ಪೂರ್ತಿ ಉದ್ದದವರೆಗೆ ಹೋಗಲು ಬಿಡದೆ, ಅದಕ್ಕೆ ಸ್ವಲ್ಪ ಮೊದಲೇ ಮೆಲ್ಲಗೆ ಹಿಡಿದು ನಿಲ್ಲಿಸುವುದು ಮದ್ದು. ಎರಡನೆಯದು ಪೋಲ್ ಬಿಂದು ಭುಜ ಮತ್ತು ಗುರಿಯನ್ನು ಸೇರಿಸುವ ಗೆರೆಯ ಮೇಲೆಯೇ ಬಂದುಬಿಟ್ಟಾಗಿನದು. ಆಗ ಯಾವ ಕಡೆಗೆ ಮುಖ ಮಾಡಬೇಕೆಂಬುದಕ್ಕೆ ಅರ್ಥವೇ ಉಳಿಯದೆ ಒಂದೇ ಫ್ರೇಮಿನಲ್ಲಿ ಮೊಣಕೈ ಈಚೆಯಿಂದ ಆಚೆಗೆ ಹಾರುತ್ತದೆ. ಪೋಲನ್ನು ಕೈ ಹೋಗದ ಜಾಗದಲ್ಲಿ, ಮೈಯ ಹಿಂದೆ ಇಟ್ಟರೆ ಈ ತೊಂದರೆ ಬರುವುದು ಕಡಿಮೆ.

ಈಗ ಆಕ್ಟೋಪಸ್ಸಿಗೆ ಬರೋಣ. ಆಟದ ಮುಳುಗುಗಾರನನ್ನು ಹಿಡಿಯಲು ಬರುವ ದೈತ್ಯ ಆಕ್ಟೋಪಸ್ಸಿನ ಒಂದು ತೋಳಿಗೆ 12 ಮೂಳೆ ಹಾಕಿದ್ದಾರೆ ಎಂದುಕೊಳ್ಳಿ, ಒಂದೊಂದೂ 25 ಸೆಂಟಿಮೀಟರ್, ಒಟ್ಟು 3 ಮೀಟರ್. ಇಲ್ಲಿ ತ್ರಿಭುಜವಿಲ್ಲ. ಎರಡು ತುದಿಗಳ ನಡುವೆ ತೋಳು ಎಷ್ಟು ಬಗೆಯಲ್ಲಿ ಬಳುಕಬಹುದೋ ಅಷ್ಟೂ ಉತ್ತರಗಳೇ, ಲೆಕ್ಕವಿಲ್ಲದಷ್ಟು. ಒಂದೇ ಸೂತ್ರದಲ್ಲಿ ಹಿಡಿಯಲು ಬರುವಂಥದ್ದಲ್ಲ. ಹಂತಹಂತವಾಗಿ ಹತ್ತಿರ ಹೋಗಬೇಕು.

ಹಾಗೆ ಹೋಗುವ ಹಳೆಯ ವಿಧಾನಗಳು ಕೋನಗಳನ್ನು ಹಿಡಿದು ತಿರುಗಿಸುತ್ತಿದ್ದವು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದ್ದ ಆಂಡ್ರಿಯಾಸ್ ಅರಿಸ್ಟಿಡೂ ಮತ್ತು ಜೋನ್ ಲ್ಯಾಸೆನ್‌ಬಿ 2011ರಲ್ಲಿ ‘ಗ್ರಾಫಿಕಲ್ ಮಾಡೆಲ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ವಿಧಾನ ಕೋನಗಳ ಗೊಡವೆಯನ್ನೇ ಬಿಟ್ಟಿತು. ಕೀಲುಗಳೆಂದರೆ ಬರೀ ಬಿಂದುಗಳು. ಪಕ್ಕದ ಬಿಂದುವಿಗೂ ತನಗೂ ನಡುವಿನ ದೂರ ಮೂಳೆಯ ಉದ್ದಕ್ಕೆ ಸಮವಾಗಿದ್ದರೆ ಸಾಕು. ಫಾರ್ವರ್ಡ್ ಆ್ಯಂಡ್ ಬ್ಯಾಕ್‌ವರ್ಡ್ ರೀಚಿಂಗ್ ಇನ್ವರ್ಸ್ ಕೈನೆಮ್ಯಾಟಿಕ್ಸ್ ಎಂಬ ಉದ್ದ ಹೆಸರು ಕುಗ್ಗಿ ಫ್ಯಾಬ್ರಿಕ್ ಆಯಿತು. ಅದರ ಹೃದಯ ಇಷ್ಟೇ ಸಾಲು:

```
p[n] = target
for i = n-1 down to 1:
    p[i] = p[i+1] + L[i] * unit(p[i] - p[i+1])

p[1] = root
for i = 1 to n-1:
    p[i+1] = p[i] + L[i] * unit(p[i+1] - p[i])
```

ಮೊದಲ ಭಾಗದಲ್ಲಿ ತುದಿಯನ್ನು ಎತ್ತಿ ಗುರಿಯ ಮೇಲೆ ಇಡುತ್ತೇವೆ. ಅದರ ಹಿಂದಿನ ಕೀಲು ತಾನಿದ್ದ ದಿಕ್ಕಿನಲ್ಲೇ, ಆದರೆ ತುದಿಯಿಂದ ಸರಿಯಾಗಿ ಒಂದು ಮೂಳೆಯ ದೂರಕ್ಕೆ ಸರಿಯುತ್ತದೆ. ಅದರ ಹಿಂದಿನದೂ ಹಾಗೆಯೇ. ಹೀಗೆ ಬುಡ ತಲುಪಿದಾಗ ಬುಡವೇ ಜಾಗ ಬಿಟ್ಟು ಸರಿದಿರುತ್ತದೆ. ತೋಳು ಮೈಗೆ ಅಂಟಿಕೊಂಡಿರಬೇಕಾದ್ದರಿಂದ ಎರಡನೆಯ ಭಾಗದಲ್ಲಿ ಬುಡವನ್ನು ಮರಳಿ ಅದರ ಜಾಗಕ್ಕೆ ತಂದು, ಅದೇ ಕೆಲಸವನ್ನು ಈ ಕಡೆಯಿಂದ ತುದಿಯವರೆಗೆ ಮಾಡುತ್ತೇವೆ. ಈಗ ತುದಿ ಗುರಿಯಿಂದ ಸ್ವಲ್ಪ ದೂರವಾಗಿರುತ್ತದೆ. ಮತ್ತೊಂದು ಸುತ್ತು.

ಅಂಕಿ ಹಾಕಿ ನೋಡಿದರೆ ಇದರ ಗುಣವೂ ದೋಷವೂ ಒಟ್ಟಿಗೇ ಕಾಣುತ್ತವೆ. 10 ಅಳತೆಯ ಮೂರು ಮೂಳೆ ನೆಲದ ಮೇಲೆ ನೆಟ್ಟಗೆ ಮಲಗಿರಲಿ: ಕೀಲುಗಳು (0,0), (10,0), (20,0), ತುದಿ (30,0). ಗುರಿ (20,15). ಆರಂಭದಲ್ಲಿ ತುದಿಗೂ ಗುರಿಗೂ 18 ಅಳತೆ ದೂರ. ತುದಿಯನ್ನು ಗುರಿಯ ಮೇಲಿಟ್ಟರೆ ಅದರ ಹಿಂದಿನ ಕೀಲು (20,5)ಕ್ಕೆ ಏರುತ್ತದೆ. ಅದರ ಹಿಂದಿನದು ಸುಮಾರು (11.06, 0.53). ಬುಡ (1.07, 0.05)ಕ್ಕೆ ಸರಿಯಿತು. ಬುಡವನ್ನು ಸೊನ್ನೆಗೆ ತಂದು ಈ ಕಡೆಯಿಂದ ಹೊರಟರೆ ತುದಿ ನಿಲ್ಲುವುದು (19.96, 14.56)ರಲ್ಲಿ. 18 ಇದ್ದ ಅಂತರ ಒಂದೇ ಸುತ್ತಿನಲ್ಲಿ 0.44ಕ್ಕೆ ಇಳಿಯಿತು. ಇನ್ನೊಂದು ಸುತ್ತಿಗೆ 0.10. ಬರೀ ಕೂಡು, ಕಳೆ, ಗುಣಿಸು, ಭಾಗಿಸು ಮತ್ತು ಒಂದಿಷ್ಟು ವರ್ಗಮೂಲ. ಕೊಸೈನ್ ಕೂಡ ಬೇಕಾಗಲಿಲ್ಲ. ಇದು ಜನಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಅದೇ ಉತ್ತರದ ನಡುಭಾಗ ನೋಡಿ. ಮೊದಲ ಮೂಳೆ ನೆಲದಿಂದ 3 ಡಿಗ್ರಿ ಮಾತ್ರ ಎದ್ದಿದೆ. ನಡುವಿನ ಎರಡು ಕೀಲುಗಳಲ್ಲಿ ಒಂದು 23 ಡಿಗ್ರಿ ಬಾಗಿದೆ, ಇನ್ನೊಂದು 58. ಅಂದರೆ ಬಾಗಿದ್ದೆಲ್ಲ ಹೆಚ್ಚು ಕಡಿಮೆ ತುದಿಯ ಹತ್ತಿರ. ಬುಡ ಮಲಗಿದಂತೆಯೇ ಇದೆ. ಇದೇ ಗುರಿಯನ್ನು ಇದೇ ಮೂಳೆಗಳಿಂದ ಎರಡೂ ಕೀಲನ್ನು ಸಮನಾಗಿ 41.4 ಡಿಗ್ರಿ ಬಾಗಿಸಿಯೂ ಮುಟ್ಟಬಹುದು, ಆಗ ತೋಳು ಒಂದು ಸೊಗಸಾದ ಬಿಲ್ಲಿನಂತೆ ಕಾಣುತ್ತದೆ. ಎರಡೂ ಸರಿಯಾದ ಉತ್ತರಗಳೇ. ಫ್ಯಾಬ್ರಿಕ್ ಮೊದಲನೆಯದನ್ನು ಆರಿಸಿದ್ದು ಯಾಕೆ? ನಾವು ತೋಳನ್ನು ನೆಟ್ಟಗೆ ಮಲಗಿಸಿ ಶುರುಮಾಡಿದ್ದಕ್ಕೆ, ಅಷ್ಟೇ. ಅದು ಹುಡುಕುವುದು ಅತ್ಯಂತ ಚೆಂದದ ಆಕಾರವನ್ನಲ್ಲ. ಆರಂಭದ ಆಕಾರವನ್ನು ಆದಷ್ಟು ಕಡಿಮೆ ಕದಲಿಸಿ ಸಿಗುವಂಥದ್ದನ್ನು. ಮೊದಲೇ ಬಿಲ್ಲಿನಂತೆ ಬಾಗಿಸಿ, ಬುಡದಲ್ಲಿ ಗುರಿಯ ಕಡೆಗೆ ತಿರುಗಿಸಿ ಕೊಟ್ಟಿದ್ದರೆ ಅದು ಬಿಲ್ಲನ್ನೇ ಉಳಿಸಿಕೊಡುತ್ತಿತ್ತು.

ಎರಡರ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿದೆ. ಎರಡು ಮೂಳೆಯ ಸೂತ್ರದಲ್ಲಿ ನಡುವಿನ ಕೀಲನ್ನು ನಿರ್ಧರಿಸುವುದು ಪೋಲ್. ಫ್ಯಾಬ್ರಿಕ್‌ನಲ್ಲಿ ಅದನ್ನು ನಿರ್ಧರಿಸುವುದು ಹಿಂದಿನ ಕ್ಷಣದಲ್ಲಿ ತೋಳು ಎಲ್ಲಿತ್ತೆಂಬ ಸಂಗತಿ. ಅದಕ್ಕೆ ನೆನಪಿದೆ, ಅಭಿರುಚಿಯಿಲ್ಲ.

ಈ ನೆನಪಿನಿಂದ ಆಗುವ ಅನಾಹುತಗಳು ಕೆಲಸದಲ್ಲಿ ಬೇಗ ಕಾಣಿಸಿಕೊಳ್ಳುತ್ತವೆ. ಬಹಳ ಜನ ಪ್ರತಿ ಫ್ರೇಮಿನಲ್ಲೂ ಹಿಂದಿನ ಫ್ರೇಮಿನ ಉತ್ತರದಿಂದಲೇ ಶುರುಮಾಡುತ್ತಾರೆ. ಗುರಿ ಸ್ವಲ್ಪವೇ ಸರಿದಿರುವುದರಿಂದ ಒಂದೆರಡು ಸುತ್ತಿನಲ್ಲಿ ಮುಗಿಯುತ್ತದೆ, ಚಲನೆಯೂ ನಯವಾಗಿರುತ್ತದೆ. ಆದರೆ ಮುಳುಗುಗಾರ ಆಕ್ಟೋಪಸ್ಸಿನ ಸುತ್ತ ಒಂದು ಸುತ್ತು ಈಜಿ ಮೊದಲಿನ ಜಾಗಕ್ಕೇ ಬಂದಾಗ ತೋಳು ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಎಲ್ಲೋ ಒಂದು ಕಡೆ ಬಿದ್ದ ಮಡಿಕೆ ಹಾಗೇ ಉಳಿದು, ಇನ್ನೊಂದು ಸುತ್ತಿಗೆ ಇನ್ನಷ್ಟು ಬಲಿಯುತ್ತದೆ. ಐದು ನಿಮಿಷ ಆಡಿದ ಮೇಲೆ ತೋಳು ಗಂಟು ಗಂಟಾಗಿದೆ, ಆಟವನ್ನು ಮತ್ತೆ ಶುರುಮಾಡಿದರೆ ಸರಿಯಿದೆ ಎಂದರೆ ರೋಗ ಇದೇ ಎಂದು ತಿಳಿಯಿರಿ. ದೂರು ಬಂದಾಗ ಇದನ್ನು ಮರುಕಳಿಸಿ ತೋರಿಸುವುದೂ ಕಷ್ಟ, ಯಾಕೆಂದರೆ ಆಟಗಾರ ಹೇಗೆ ಹೇಗೆ ಈಜಿದನೆಂಬುದರ ಮೇಲೆ ಎಲ್ಲವೂ ನಿಂತಿದೆ.

ಇದಕ್ಕೆ ಮದ್ದು ಸರಳ. ಹಿಂದಿನ ಉತ್ತರದಿಂದ ಶುರುಮಾಡಬೇಡಿ. ಅನಿಮೇಟರ್ ಈಜುವ ಆಕ್ಟೋಪಸ್ಸಿಗೆಂದು ಮಾಡಿದ ಅಲೆಯಂಥ ಚಲನೆ ಹೇಗೂ ಇರುತ್ತದೆ. ಪ್ರತಿ ಫ್ರೇಮಿನಲ್ಲೂ ಆ ಚಲನೆಯ ಆ ಕ್ಷಣದ ಆಕಾರವನ್ನು ತೆಗೆದುಕೊಂಡು, ಬುಡದಿಂದ ತುದಿಗೆ ಎಳೆದ ಗೆರೆ ಗುರಿಯ ಕಡೆ ಬರುವಂತೆ ಇಡೀ ತೋಳನ್ನು ತಿರುಗಿಸಿ, ಆಮೇಲೆ ಫ್ಯಾಬ್ರಿಕ್‌ನ ಕೈಗೆ ಕೊಡಿ. ಆಗ ಅದು ಮಾಡಬೇಕಾದದ್ದು ಕೊನೆಯ ತಿದ್ದುಪಡಿ ಮಾತ್ರ. ನೆನಪು ಅಳಿಸಿಹೋಯಿತು, ಅಭಿರುಚಿಯನ್ನು ಅನಿಮೇಟರ್ ಕೊಟ್ಟಾಯಿತು. ಸುತ್ತುಗಳ ಸಂಖ್ಯೆಯನ್ನೂ ನಿಗದಿ ಮಾಡಿಬಿಡುವುದು ಒಳ್ಳೆಯದು. ‘ಗುರಿಗೆ ಇಷ್ಟು ಹತ್ತಿರ ಬಂದರೆ ನಿಲ್ಲಿಸು’ ಎಂದರೆ ಒಂದು ಫ್ರೇಮಿನಲ್ಲಿ ಮೂರು ಸುತ್ತು, ಮುಂದಿನದರಲ್ಲಿ ನಾಲ್ಕು ಆಗಿ ನಡುಭಾಗ ಸಣ್ಣಗೆ ನಡುಗಬಹುದು.

ಇನ್ನೊಂದು ತೊಂದರೆ ಮೊದಲ ಸಲ ಕಂಡಾಗ ನಂಬಿಕೆಯೇ ಬರುವುದಿಲ್ಲ. ತೋಳನ್ನು ನೆಟ್ಟಗೆ ಚಾಚಿ, ಗುರಿಯನ್ನು ಅದೇ ಗೆರೆಯ ಮೇಲೆ, ತೋಳಿನ ನಡುಮಧ್ಯದಲ್ಲಿ ಇಡಿ. ಫ್ಯಾಬ್ರಿಕ್ ಎಷ್ಟು ಸುತ್ತು ಹೊಡೆದರೂ ತೋಳು ಪಕ್ಕಕ್ಕೆ ಬಾಗುವುದೇ ಇಲ್ಲ. ಪ್ರತಿ ಕೀಲೂ ತಾನಿದ್ದ ದಿಕ್ಕಿನಲ್ಲೇ ಸರಿಯುವ ನಿಯಮ ಇರುವುದರಿಂದ, ಎಲ್ಲ ಬಿಂದುಗಳೂ ಒಂದೇ ಗೆರೆಯ ಮೇಲಿದ್ದರೆ ಗೆರೆ ಬಿಟ್ಟು ಹೊರಗೆ ಹೋಗಲು ಯಾವ ಕಾರಣವೂ ಸಿಗದು. ಒಂದು ಕೀಲನ್ನು ಕೂದಲೆಳೆಯಷ್ಟು ಪಕ್ಕಕ್ಕೆ ತಳ್ಳಿದರೆ ಸಾಕು, ಕೆಲಸ ಶುರುವಾಗುತ್ತದೆ. ಇದರ ದೊಡ್ಡಣ್ಣನೂ ಇದೆ: ತೋಳೂ ಗುರಿಯೂ ಒಂದೇ ಸಮತಲದಲ್ಲಿದ್ದರೆ ಉತ್ತರವೂ ಆ ಸಮತಲ ಬಿಟ್ಟು ಆಚೀಚೆ ಹೋಗುವುದಿಲ್ಲ. ಪರದೆಯ ಮೇಲೆ ತೋಳು ಕಾಗದದಲ್ಲಿ ಕತ್ತರಿಸಿ ಇಟ್ಟಂತೆ ಚಪ್ಪಟೆಯಾಗಿ ಕಂಡರೆ ಆರಂಭದ ಆಕಾರಕ್ಕೆ ಸ್ವಲ್ಪ ಸುರುಳಿ ಕೊಟ್ಟಿಲ್ಲವೆಂದರ್ಥ.

ಗುರಿ 3 ಮೀಟರ್‌ಗಿಂತ ಆಚೆ ಹೋದರೆ ಫ್ಯಾಬ್ರಿಕ್ ತೋಳನ್ನು ಗುರಿಯ ಕಡೆ ನೆಟ್ಟಗೆ ನಿಲ್ಲಿಸಿಬಿಡುತ್ತದೆ. ಕೋಲಿನಂತೆ ನಿಂತ ಆಕ್ಟೋಪಸ್ ತೋಳಿಗಿಂತ ನಗೆಪಾಟಲು ಇನ್ನೊಂದಿಲ್ಲ. ಇಲ್ಲೂ ಎರಡು ಮೂಳೆಗೆ ಹೇಳಿದ ಉಪಾಯವೇ: ಗುರಿಯ ದೂರವನ್ನು ಉದ್ದದ 95 ಭಾಗದ ಆಸುಪಾಸಿನಲ್ಲಿ ತಡೆಯಿರಿ, ತುದಿ ಮುಟ್ಟದಿದ್ದರೆ ಮುಟ್ಟದಿರಲಿ. ಹಿಡಿಯಲು ಬಂದು ತಪ್ಪಿಸಿಕೊಂಡಂತೆ ಕಾಣುವುದು ಕೋಲಾಗುವುದಕ್ಕಿಂತ ಮೇಲು. ಪೂರ್ತಿ ಉದ್ದದ ಹತ್ತಿರ ಫ್ಯಾಬ್ರಿಕ್ ನಿಧಾನವಾಗುತ್ತದೆ ಕೂಡ, ಸುತ್ತುಗಳು ಬೆಳೆಯುತ್ತವೆ, ಅಂತರ ಇಳಿಯುವುದಿಲ್ಲ.

ಕೊನೆಯದು ತಿರುಚು. ಬಿಂದುಗಳಿಗೆ ಮೇಲು ಕೆಳಗು ಎಂಬುದಿಲ್ಲ. ಮೂಳೆ ಯಾವ ಕಡೆ ಹೋಗಿದೆ ಎಂಬುದನ್ನು ಫ್ಯಾಬ್ರಿಕ್ ಹೇಳುತ್ತದೆ, ತನ್ನ ಅಕ್ಷದ ಸುತ್ತ ಎಷ್ಟು ಉರುಳಿದೆ ಎಂಬುದನ್ನು ಹೇಳುವುದಿಲ್ಲ. ಆಕ್ಟೋಪಸ್ ತೋಳಿನ ಕೆಳಬದಿಯಲ್ಲಿ ಇರಬೇಕಾದ ಹೀರುಬಟ್ಟಲುಗಳ ಸಾಲು ನಡುವೆ ಮೇಲಕ್ಕೆ ಹತ್ತಿ ಮತ್ತೆ ಕೆಳಗಿಳಿದರೆ ದೋಷ ಇಲ್ಲಿದೆ. ಪ್ರತಿ ಮೂಳೆಯನ್ನೂ ಜಗತ್ತಿನ ‘ಮೇಲೆ’ ಎಂಬ ದಿಕ್ಕಿಗೆ ಹೋಲಿಸಿ ತಿರುಗಿಸಿದರೆ ತೋಳು ನೇರ ಮೇಲಕ್ಕೆ ಹೋದಾಗ ಇದು ಆಗೇ ಆಗುತ್ತದೆ. ಬುಡದ ಮೂಳೆಯಿಂದ ಶುರುಮಾಡಿ, ಮುಂದಿನ ಮೂಳೆಯನ್ನು ಹಿಂದಿನದಕ್ಕೆ ಹೋಲಿಸಿ ಬೇಕಾದಷ್ಟೇ, ಅತಿ ಕಡಿಮೆ ತಿರುಗಿಸುತ್ತಾ ಹೋಗುವುದು ಸರಿಯಾದ ಕ್ರಮ.

ವೇಗದ ಚಿಂತೆ ಮಾಡುವವರಿಗೆ ಒಂದು ಮಾತು. 12 ಮೂಳೆ, 10 ಸುತ್ತು, ಹೋಗಿ ಬರಲು ಎರಡು ಬಾರಿ: ಒಂದು ತೋಳಿಗೆ 240 ದೂರಗಳ ಲೆಕ್ಕ. ಎಂಟು ತೋಳಿಗೆ 1,920. ಈಗಿನ ಮೊಬೈಲ್ ಫೋನಿಗೂ ಇದು ಲೆಕ್ಕಕ್ಕೆ ಬಾರದ ಹೊರೆ. ಪರದೆಯ ಮೇಲೆ ಸೈನ್ಯವೇ ನಡೆಯುತ್ತಿದ್ದರೆ ಮಾತು ಬೇರೆ; ಇಲ್ಲವಾದರೆ ‘ಎರಡು ಮೂಳೆ ವೇಗ, ಅದಕ್ಕೇ ಅದನ್ನು ಬಳಸಿದೆವು’ ಎಂಬ ಕಾರಣ ನನಗಂತೂ ಒಪ್ಪಿಗೆಯಾಗುವುದಿಲ್ಲ.

ಮೂಳೆ ಎಣಿಸುವ ನಿಯಮ ಎಲ್ಲಿ ಸೋಲುತ್ತದೆಂದು ನೋಡಲು ಕಟ್ಟಡ ಕಟ್ಟುವಲ್ಲಿ ಕಾಂಕ್ರೀಟನ್ನು ಮೇಲಿನ ಮಹಡಿಗೆ ಸುರಿಯುವ ಪಂಪಿನ ಲಾರಿಯನ್ನು ನೆನೆಯಿರಿ. ಅದರ ಉದ್ದ ತೋಳಿನಲ್ಲಿ ನಾಲ್ಕೈದು ಮಡಿಕೆಗಳಿರುತ್ತವೆ. ‘ಎರಡಕ್ಕಿಂತ ಜಾಸ್ತಿ, ಹಾಗಾದರೆ ಫ್ಯಾಬ್ರಿಕ್’ ಎಂದು ಹಾಗೇ ಹಾಕಿದರೆ ತೋಳು ಪಕ್ಕಕ್ಕೂ ಬಳುಕುತ್ತದೆ, ಆದರೆ ಅದರ ಕೀಲುಗಳೆಲ್ಲ ಬಾಗಿಲಿನ ತಿರುಗಣಿಯಂಥವು, ಒಂದೇ ಕಡೆಗೆ ಮಡಚುವಂಥವು. ಇಲ್ಲಿ ಸಮತಲದ ಆ ‘ದೋಷ’ವೇ ವರವಾಗುತ್ತದೆ. ಮೊದಲು ಬುಡದ ತಿರುಗುಮೇಜನ್ನು ಗುರಿಯ ಕಡೆ ತಿರುಗಿಸಿ ತೋಳನ್ನೂ ಗುರಿಯನ್ನೂ ಒಂದೇ ಲಂಬ ಸಮತಲಕ್ಕೆ ತನ್ನಿ. ಆಮೇಲೆ ಫ್ಯಾಬ್ರಿಕ್ ಅದನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಕೀಲುಗಳು ಹಿಮ್ಮುಖ ಮಡಚದಂತೆ ತಡೆಯುವುದು ಮಾತ್ರ ಉಳಿಯುತ್ತದೆ. ಆ ತಡೆಗಳನ್ನು ಫ್ಯಾಬ್ರಿಕ್‌ಗೆ ಸೇರಿಸಬಹುದು, ಮೂಲ ಪ್ರಬಂಧದಲ್ಲೇ ಅದಕ್ಕೆ ದಾರಿ ತೋರಿಸಿದ್ದಾರೆ. ಆದರೆ ತಡೆಗಳು ಬಿಗಿಯಾದಷ್ಟೂ ಅದು ಗುರಿ ಮುಟ್ಟದೆ ನಡುವೆಯೇ ಸಿಕ್ಕಿಕೊಳ್ಳುವುದು ಹೆಚ್ಚು.

ನಾಲ್ಕು ಮೂಳೆಯ ತೋಳಿಗೆ ನಾನು ಮೆಚ್ಚುವ ದಾರಿ ಬೇರೆ: ಮೊದಲೆರಡನ್ನು ಸೇರಿಸಿ ಒಂದು, ಕೊನೆಯೆರಡನ್ನು ಸೇರಿಸಿ ಇನ್ನೊಂದು ಎಂದು ಕಲ್ಪಿಸಿ ಎರಡು ಮೂಳೆಯ ಸೂತ್ರದಿಂದಲೇ ಬಿಡಿಸುವುದು. ಮುಖ್ಯ ಮಡಿಕೆ ಎಲ್ಲಿ ಬರಬೇಕೆಂದು ಪೋಲ್ ಹೇಳುತ್ತದೆ. ಆ ಆಕಾರವನ್ನು ಆರಂಭವೆಂದು ಕೊಟ್ಟು ಎರಡು ಮೂರು ಸುತ್ತು ಫ್ಯಾಬ್ರಿಕ್ ಓಡಿಸಿದರೆ ಮಿಕ್ಕ ಕೀಲುಗಳಿಗೂ ಕೆಲಸ ಸಿಗುತ್ತದೆ.

ಇದು ಬರೀ ಕಂಪ್ಯೂಟರಿನವರ ಜಾಣತನವಲ್ಲ. ಮೂಳೆಯೇ ಇಲ್ಲದ ನಿಜವಾದ ಆಕ್ಟೋಪಸ್ ಹೀಗೇ ಮಾಡುತ್ತದೆ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಬೆನ್ಯಾಮಿನ್ ಹಾಕ್ನರ್, ಜರ್ಮನ್ ಸುಂಬ್ರೆ ಮತ್ತು ಸಂಗಡಿಗರು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ ಪ್ರಕಾರ, ತೋಳಿನಿಂದ ಹಿಡಿದ ತಿನಿಸನ್ನು ಬಾಯಿಗೆ ತರುವಾಗ ಆಕ್ಟೋಪಸ್ ಆ ಬಳುಕುವ ತೋಳನ್ನು ತಾತ್ಕಾಲಿಕವಾಗಿ ಕೀಲುಗಳುಳ್ಳ ಕೈಯಂತೆ ಗಟ್ಟಿ ಮಾಡಿಕೊಳ್ಳುತ್ತದೆ, ನಡುವೆ ಮೊಣಕೈಯಂಥ ಮಡಿಕೆ ಬರುತ್ತದೆ. ಮರುವರ್ಷ ಅವರೇ ಕಂಡಂತೆ, ಬುಡದಿಂದ ಒಂದು ಮತ್ತು ತಿನಿಸು ಹಿಡಿದ ಕಡೆಯಿಂದ ಇನ್ನೊಂದು ಸ್ನಾಯು ಚಟುವಟಿಕೆಯ ಅಲೆ ಹೊರಟು, ಅವೆರಡೂ ಸೇರುವಲ್ಲಿ ಈ ಮೊಣಕೈ ಮೂಡುತ್ತದೆ. ದೂರದ ವಸ್ತುವಿಗೆ ತೋಳು ಚಾಚುವಾಗ ಮಾತ್ರ ಅದರ ರೀತಿ ಬೇರೆ: ಒಂದು ಮಡಿಕೆ ಬುಡದ ಕಡೆಯಿಂದ ತುದಿಯವರೆಗೆ ಹರಿದು ಹೋಗುತ್ತದೆ. ಇದನ್ನು ಫ್ಯಾಬ್ರಿಕ್ ತಾನಾಗಿ ಎಂದೂ ಕೊಡುವುದಿಲ್ಲ, ಅದು ಬಾಗಿಸುವುದು ತುದಿಯ ಬಳಿ ಎಂದು ಆಗಲೇ ಕಂಡೆವಲ್ಲ. ಜೀವಂತವಾಗಿ ಕಾಣಬೇಕಾದರೆ ಹರಿಯುವ ಆ ಮಡಿಕೆಯನ್ನು ಆರಂಭದ ಆಕಾರದಲ್ಲೇ ಹಾಕಿಕೊಡಬೇಕು.

ಸರಪಳಿಯ ವಿಷಯದಲ್ಲಿ ನನ್ನ ಸಲಹೆ ಎರಡನ್ನೂ ಬಿಡಿ ಎಂಬುದು. ಎರಡು ಗೂಟಗಳ ನಡುವೆ ಜೋತುಬಿದ್ದ ಸರಪಳಿಗೆ ಫ್ಯಾಬ್ರಿಕ್ ಹಾಕಿದರೆ ಎರಡು ತುದಿಯೂ ಸರಿಯಾದ ಜಾಗದಲ್ಲಿರುತ್ತವೆ, ಕೊಂಡಿಗಳ ಉದ್ದವೂ ಸರಿ, ಆದರೆ ಜೋಲು ಇರುವುದಿಲ್ಲ. ಇದ್ದರೆ ಪಕ್ಕಕ್ಕೋ ಮೇಲಕ್ಕೋ ಇರಬಹುದು. ಭಾರ ಎಂಬ ಸಂಗತಿಯೇ ಅದಕ್ಕೆ ತಿಳಿಯದು. ಆಟಗಳಲ್ಲಿ ಹಗ್ಗ, ಸರಪಳಿಗಳಿಗೆ ಬಳಸುವ ವರ್ಲೆ ಪದ್ಧತಿ ನೋಡಲು ಫ್ಯಾಬ್ರಿಕ್‌ನ ದಾಯಾದಿಯೇ. ಅಲ್ಲೂ ಪಕ್ಕದ ಬಿಂದುಗಳನ್ನು ಸರಿಯಾದ ದೂರಕ್ಕೆ ಎಳೆದು ಕೂರಿಸುತ್ತಾರೆ, ಆದರೆ ಅದಕ್ಕೆ ಮೊದಲು ಪ್ರತಿ ಬಿಂದುವನ್ನೂ ಭಾರಕ್ಕೆ ತಕ್ಕಂತೆ ಕೆಳಕ್ಕೆ ಬೀಳಿಸುತ್ತಾರೆ, ಹಿಂದಿನ ವೇಗವನ್ನೂ ಉಳಿಸುತ್ತಾರೆ. ಸರಪಳಿಗೆ ಬೇಕಾದದ್ದು ಅದೇ. ಪಾತ್ರ ಸರಪಳಿಯನ್ನು ಬೀಸಿ ಎಸೆದು ನಿರ್ದಿಷ್ಟ ಜಾಗಕ್ಕೆ ಕೊಕ್ಕೆ ಹಾಕಬೇಕೆಂದಿದ್ದರೆ ಆ ಒಂದು ಕ್ಷಣಕ್ಕೆ ಫ್ಯಾಬ್ರಿಕ್ ಉಪಯೋಗಕ್ಕೆ ಬರುತ್ತದೆ.

ಇವೆರಡನ್ನೂ ಪ್ರಯೋಗಿಸಲು ಏನನ್ನೂ ಬರೆಯಬೇಕಿಲ್ಲ. ಅನ್‌ರಿಯಲ್‌ನಲ್ಲಿ `Two Bone IK` ಮತ್ತು `FABRIK` ಎಂಬ ನೋಡ್‌ಗಳು ಸಿದ್ಧವಾಗಿವೆ. ಯೂನಿಟಿಯ ಅನಿಮೇಷನ್ ರಿಗ್ಗಿಂಗ್ ಪ್ಯಾಕೇಜಿನಲ್ಲಿ `Two Bone IK Constraint` ಪಕ್ಕದಲ್ಲೇ ಇರುವ `Chain IK Constraint` ಒಳಗೆ ಓಡುವುದು ಫ್ಯಾಬ್ರಿಕ್ಕೇ. ಯಾವುದನ್ನೇ ಹಾಕಿ, ಆದರೆ ಗುರಿಯನ್ನು ಸುಲಭದ ಜಾಗದಲ್ಲಿಟ್ಟು ನೋಡಿ ಒಪ್ಪಿಕೊಳ್ಳಬೇಡಿ. ಚಾಚಿದ ತೋಳಿನ ಗೆರೆಯ ಮೇಲೆಯೇ ಒಮ್ಮೆ ಇಡಿ, ತೋಳಿನ ಉದ್ದಕ್ಕಿಂತ ಆಚೆ ಒಮ್ಮೆ ಇಡಿ, ಬುಡದ ಬೆನ್ನ ಹಿಂದೆ ಒಮ್ಮೆ ಇಡಿ. ಆಮೇಲೆ ಗುರಿಯನ್ನು ಒಂದು ಸುತ್ತು ಸುತ್ತಿಸಿ ಮೊದಲಿನ ಜಾಗಕ್ಕೆ ತಂದು, ನಡುವಿನ ಕೀಲುಗಳು ಮೊದಲಿದ್ದಲ್ಲೇ ಇವೆಯೇ ಎಂದು ನೋಡಿ.